ಅಗತ್ಯ ಬಹುಮತದಿಂದ ಅಂಗೀಕರಿಸಲಾಗಿದೆ

ಆಗಸ್ಟ್ ಬಂತೆಂದರೆ ಬೀದಿಯಲ್ಲಿ ಗಣಪತಿ ಚಂದಾದ ರಸೀದಿ ಪುಸ್ತಕಗಳೂ ಇ-ಮೇಲಿನಲ್ಲಿ ಕಂಪನಿಗಳ ಎಜಿಎಂ ನೋಟಿಸುಗಳೂ ಒಟ್ಟಿಗೇ ಹೊರಬೀಳುತ್ತವೆ. ಮಾರ್ಚ್ 31ಕ್ಕೆ ಲೆಕ್ಕ ಮುಗಿಸಿದ ಕಂಪನಿ ಸೆಪ್ಟೆಂಬರ್ 30ರೊಳಗೆ ವಾರ್ಷಿಕ ಸಾಮಾನ್ಯ ಸಭೆ ನಡೆಸಬೇಕು, ಅದಕ್ಕೆ ಪೂರ್ತಿ 21 ದಿನ ಮೊದಲು ಷೇರುದಾರರಿಗೆ ನೋಟಿಸ್ ಕೊಡಬೇಕು ಎಂಬುದು ಕಾನೂನು. ಚಂದಾ ಕೇಳಲು ಬಂದ ಹುಡುಗರ ಹತ್ತಿರ ನಾವು ‘ಹೋದ ವರ್ಷದ ಲೆಕ್ಕ ಎಲ್ಲಪ್ಪಾ’ ಎಂದು ಗದರುತ್ತೇವೆ. ಲಕ್ಷಾಂತರ ರೂಪಾಯಿ ಹಾಕಿದ ಕಂಪನಿ ತಾನಾಗಿಯೇ ಲೆಕ್ಕ ಕಳುಹಿಸಿ, ‘ದಯವಿಟ್ಟು ಮತ ಹಾಕಿ’ ಎಂದರೆ ಅಳಿಸಿಹಾಕುತ್ತೇವೆ.

ಇದರಿಂದ ಕಂಪನಿಗೆ ಬೇಸರವಾಗುತ್ತದೆ ಎಂದು ಯಾರೂ ತಿಳಿಯಬೇಕಿಲ್ಲ. ನಾವು ಓದುವುದಿಲ್ಲ ಎಂಬ ದೃಢ ವಿಶ್ವಾಸದಿಂದಲೇ ನೋಟಿಸನ್ನು ಬರೆದಿರುತ್ತಾರೆ.

ನೋಟಿಸಿನ ಮೊದಲ ಭಾಗ ‘ಸಾಮಾನ್ಯ ವ್ಯವಹಾರ’. ಇದರಲ್ಲಿ ನಾಲ್ಕೇ ಬಗೆಯ ವಿಷಯಗಳಿರುತ್ತವೆ: ಲೆಕ್ಕಪತ್ರ ಒಪ್ಪುವುದು, ಡಿವಿಡೆಂಡ್ ಘೋಷಿಸುವುದು, ಸರದಿಯಂತೆ ನಿವೃತ್ತರಾಗುವ ನಿರ್ದೇಶಕರನ್ನು ಮತ್ತೆ ನೇಮಿಸುವುದು, ಆಡಿಟರನ್ನು ನೇಮಿಸುವುದು. ಮೂರನೆಯದು ಕಾರ್ಪೊರೇಟ್ ಲೋಕದ ಅತ್ಯಂತ ಮಧುರವಾದ ವಿಧಿ. ಸರದಿಯಲ್ಲಿ ಬರುವ ನಿರ್ದೇಶಕರ ಪೈಕಿ ಮೂರನೇ ಒಂದು ಭಾಗದವರು ಪ್ರತಿ ವರ್ಷ ನಿವೃತ್ತರಾಗಲೇಬೇಕು. ಅಧ್ಯಕ್ಷರ ಮಗ ನಿವೃತ್ತನಾಗುತ್ತಾನೆ. ‘ಅರ್ಹನಾಗಿರುವುದರಿಂದ ಮರುನೇಮಕಕ್ಕೆ ತನ್ನನ್ನು ತಾನೇ ಒಪ್ಪಿಸಿಕೊಂಡಿದ್ದಾನೆ’ ಎಂದು ಅದೇ ವಾಕ್ಯದ ಇನ್ನರ್ಧ ಹೇಳುತ್ತದೆ. ಸರ್ಕಾರಿ ನೌಕರರು ಬೀಳ್ಕೊಡುಗೆಯ ಹಾರ ಹಾಕಿಸಿಕೊಂಡು ಪಿಂಚಣಿಗೆ ಅಲೆಯುತ್ತಾರೆ. ಇವರ ನಿವೃತ್ತಿ ಒಂದು ಅಲ್ಪವಿರಾಮಕ್ಕೆ ಮುಗಿಯುತ್ತದೆ.

ಎರಡನೆಯ ಭಾಗ ‘ವಿಶೇಷ ವ್ಯವಹಾರ’. ಉತ್ಪಾದನಾ ಕಂಪನಿಯಾಗಿದ್ದರೆ ಇಲ್ಲಿ ಸಾಮಾನ್ಯವಾಗಿ ಕಾಸ್ಟ್ ಆಡಿಟರರ ಶುಲ್ಕ ಎದುರಾಗುತ್ತದೆ. ಅದು ಕೆಲವು ಲಕ್ಷ ರೂಪಾಯಿಯ ಬಾಬತ್ತು. ಅದನ್ನು ಷೇರುದಾರರು ಖುದ್ದಾಗಿ ಅನುಮೋದಿಸಲೇಬೇಕು ಎಂಬ ನಿಯಮವಿದೆ. ನೂರಾರು ಕೋಟಿಯ ಹೂಡಿಕೆಯನ್ನು ಮಂಡಳಿ ಕಾಫಿ ಹೀರುತ್ತಾ ತೀರ್ಮಾನಿಸಿಬಿಡಬಹುದು. ಕಾಸ್ಟ್ ಆಡಿಟರರ ಮೂರು ಲಕ್ಷಕ್ಕೆ ಮಾತ್ರ ಇಡೀ ಭಾರತದ ಷೇರುದಾರ ಬಳಗ ಒಪ್ಪಿಗೆ ಕೊಡಬೇಕು. ಆ ಬಡಪಾಯಿಯ ಫೀಸಿಗೆ ಸಿಗುವಷ್ಟು ಪ್ರಜಾಪ್ರಭುತ್ವ ಕಂಪನಿಯ ಬೇರೆ ಯಾವ ಖರ್ಚಿಗೂ ಸಿಗುವುದಿಲ್ಲ.

ನೋಡಬೇಕಾದದ್ದು ಇದರ ಅಕ್ಕಪಕ್ಕದಲ್ಲಿ ಮೆಲ್ಲಗೆ ಕೂತಿರುವ ನಿರ್ಣಯಗಳನ್ನು: ವ್ಯವಸ್ಥಾಪಕ ನಿರ್ದೇಶಕರ ಸಂಬಳ, ಪ್ರವರ್ತಕರ ಬೇರೆ ಕಂಪನಿಯ ಜತೆಗಿನ ವ್ಯವಹಾರ, ವಿದೇಶಿ ಮಾತೃಸಂಸ್ಥೆಗೆ ಕೊಡುವ ರಾಯಲ್ಟಿ. ನಿರ್ಣಯದ ಪಠ್ಯ ಓದಿದರೆ ಏನೂ ತಿಳಿಯದು. ಅದು ‘ಕಾಯ್ದೆಯ ಇಂತಿಂಥ ಕಲಮುಗಳ ಅನುಸಾರ’ ಎಂದು ಶುರುವಾಗಿ, ಮಧ್ಯದಲ್ಲೆಲ್ಲೋ ಉಸಿರು ಕಟ್ಟಿ, ‘ಅಗತ್ಯವಾದ ಎಲ್ಲ ಕ್ರಮಗಳನ್ನು ಕೈಗೊಳ್ಳಲು ಮಂಡಳಿಗೆ ಅಧಿಕಾರ ನೀಡಲಾಗಿದೆ’ ಎಂದು ಮುಗಿಯುತ್ತದೆ. ನಿಜ ಸಂಗತಿ ಇರುವುದು ಹಿಂದಿನ ಪುಟಗಳ ವಿವರಣಾ ಟಿಪ್ಪಣಿಯಲ್ಲಿ. ವಿಶೇಷ ವ್ಯವಹಾರದ ಪ್ರತಿಯೊಂದು ವಿಷಯಕ್ಕೂ ಅಂಥ ಟಿಪ್ಪಣಿ ಕೊಡಬೇಕೆಂದು ಕಂಪನಿ ಕಾಯ್ದೆಯ 102ನೇ ಕಲಮು ಹೇಳುತ್ತದೆ.

ಈ ಟಿಪ್ಪಣಿಯನ್ನು ಪತ್ತೇದಾರಿ ಕಾದಂಬರಿಯಂತೆ ಕೊನೆಯಿಂದ ಓದುವುದು ಒಳ್ಳೆಯದು. ಈ ನಿರ್ಣಯದಲ್ಲಿ ಯಾರಿಗೆ ಹಿತಾಸಕ್ತಿ ಇದೆ ಎಂಬುದು ಕೊನೆಯ ಪ್ಯಾರಾದಲ್ಲಿರುತ್ತದೆ. ‘ಶ್ರೀಯುತರು ಮತ್ತು ಅವರ ಬಂಧುಗಳನ್ನು ಬಿಟ್ಟರೆ ಬೇರೆ ಯಾರಿಗೂ ಹಿತಾಸಕ್ತಿ ಇಲ್ಲ’ ಎಂದಿದ್ದರೆ, ಲಾಭ ಯಾರ ಮನೆಗೆ ಹೋಗುತ್ತದೆ ಎಂದು ಕಂಪನಿಯೇ ವಿಳಾಸ ಕೊಟ್ಟಂತಾಯಿತು. ಆಮೇಲೆ ಸಂಬಳದ ಪ್ಯಾರಾಕ್ಕೆ ಬನ್ನಿ. ರೂಪಾಯಿಯಲ್ಲಿ ಮಿತಿ ಹೇಳಿದ್ದಾರೋ, ಬರಿ ‘ಲಾಭದ ಶೇಕಡಾ ಇಷ್ಟು’ ಎಂದಿದ್ದಾರೋ ನೋಡಿ. ನಂತರ ‘ಲಾಭ ಇಲ್ಲದಿದ್ದರೆ ಅಥವಾ ಸಾಲದಿದ್ದರೆ’ ಎಂದು ಶುರುವಾಗುವ ವಾಕ್ಯ ಹುಡುಕಿ. ಆ ಕಷ್ಟಕಾಲದಲ್ಲಿ ಸಾಹೇಬರಿಗೆ ಕೊಡುವ ‘ಕನಿಷ್ಠ ಸಂಭಾವನೆ’ ಅಲ್ಲಿರುತ್ತದೆ. ಕನಿಷ್ಠ ಎಂದರೆ ಕೂಲಿಯಲ್ಲ. ಎಷ್ಟೋ ಸಲ ಅದು ಲಾಭದ ವರ್ಷದ ಸಂಬಳವೇ, ಕಮಿಷನ್ ಒಂದನ್ನು ಕಳೆದದ್ದು. ಲಾಭ ಬಂದರೆ ಅದು ಅವರ ನಾಯಕತ್ವದ ಫಲ. ನಷ್ಟ ಬಂದರೆ ಅದು ಜಾಗತಿಕ ಪರಿಸ್ಥಿತಿ, ಅದಕ್ಕೆ ಅವರೇನು ಮಾಡಿಯಾರು?

ಇನ್ನು ಸಭೆ. ಹಿಂದೆ ಎಜಿಎಂ ಎಂದರೆ ಸಭಾಂಗಣ, ತಿಂಡಿ ಪೊಟ್ಟಣ, ಕೆಲವು ಕಡೆ ಉಡುಗೊರೆ. ಕಂಪನಿ ಸೆಕ್ರೆಟರಿಗಳ ಸಂಸ್ಥೆಯ ಎರಡನೆಯ ಮಾನದಂಡ 2015ರಲ್ಲಿ ಜಾರಿಗೆ ಬಂದು, ಸಭೆಯ ಹೆಸರಿನಲ್ಲಿ ಉಡುಗೊರೆಯಾಗಲಿ ಕೂಪನ್ನಾಗಲಿ ಹಂಚಬಾರದು ಎಂದು ನಿಲ್ಲಿಸಿತು. ಪ್ರಜಾಪ್ರಭುತ್ವಕ್ಕೆ ಬಿದ್ದ ದೊಡ್ಡ ಪೆಟ್ಟು ಅದು. 2020ರ ಕೊರೊನಾ ಬಂದ ಮೇಲೆ ಸಭೆಯೇ ವಿಡಿಯೊಗೆ ಹೋಯಿತು, ತಿಂಡಿಯೂ ಇಲ್ಲವಾಯಿತು. ಈಗ ಮಾತಾಡಬೇಕೆಂದರೆ ಮೊದಲೇ ಹೆಸರು ನೋಂದಾಯಿಸಬೇಕು. ಸರದಿ ಬಂದಾಗ ಎರಡು-ಮೂರು ನಿಮಿಷ ಸಿಗುತ್ತದೆ. ಅದರಲ್ಲಿ ಮೊದಲ ನಿಮಿಷ ಮೈಕ್ ಆನ್ ಮಾಡುವುದಕ್ಕೆ, ಎರಡನೆಯದು ಅಧ್ಯಕ್ಷರ ದೂರದೃಷ್ಟಿಯನ್ನು ಕೊಂಡಾಡುವುದಕ್ಕೆ, ಮೂರನೆಯದು ‘ಬೋನಸ್ ಷೇರು ಯಾವಾಗ ಸಾರ್?’ ಎಂದು ಕೇಳುವುದಕ್ಕೆ.

ಅಪ್ಪಿತಪ್ಪಿ ಯಾರೋ ಒಬ್ಬರು ನಿಜವಾದ ಪ್ರಶ್ನೆ ಕೇಳಿದರೂ ಆಪತ್ತಿಲ್ಲ. ಮನೆಯಿಂದಲೇ ಮತ ಹಾಕುವ ಇ-ವೋಟಿಂಗ್ ಕನಿಷ್ಠ ಮೂರು ದಿನ ತೆರೆದಿದ್ದು, ಸಭೆಯ ಹಿಂದಿನ ದಿನ ಸಂಜೆ 5 ಗಂಟೆಗೆ ಮುಚ್ಚುತ್ತದೆ. ಒಮ್ಮೆ ಒತ್ತಿದ ಮತ ಬದಲಿಸುವಂತಿಲ್ಲ. ಸಭೆಗೆ ಬಂದು ಮತ ಹಾಕುವ ಅವಕಾಶ, ಮೊದಲು ಹಾಕದೆ ಉಳಿದವರಿಗಷ್ಟೇ. ಬಹುಪಾಲು ಮತ ಇವತ್ತು ಸಂಜೆಗೇ ಬಿದ್ದಿರುತ್ತದೆ, ಚರ್ಚೆ ನಾಳೆ ಬೆಳಿಗ್ಗೆ ನಡೆಯುತ್ತದೆ. ವಾದ ಕೇಳುವ ಮೊದಲೇ ತೀರ್ಪು ಬರೆದಿಡುವ ಇಂಥ ದಕ್ಷತೆ ನಮ್ಮ ನ್ಯಾಯಾಲಯಗಳಿಗೆ ಇನ್ನೂ ಬಂದಿಲ್ಲ.

ಸಭೆ ಮುಗಿದ ಎರಡು ಕೆಲಸದ ದಿನಗಳೊಳಗೆ ಫಲಿತಾಂಶ ಬಿಎಸ್‌ಇ, ಎನ್‌ಎಸ್‌ಇ ಜಾಲತಾಣಗಳಿಗೆ ಬರುತ್ತದೆ. ಪತ್ರಿಕಾ ಪ್ರಕಟಣೆಯಲ್ಲಿ ಇರುವುದು ಒಂದೇ ಸಾಲು: ‘ಎಲ್ಲ ನಿರ್ಣಯಗಳನ್ನು ಅಗತ್ಯ ಬಹುಮತದಿಂದ ಅಂಗೀಕರಿಸಲಾಗಿದೆ’. ಆ ಸಾಲು ಸುಳ್ಳಲ್ಲ. ಅದನ್ನು ಓದಿದವನಿಗೆ ಏನೂ ತಿಳಿದಿರುವುದಿಲ್ಲ, ಅಷ್ಟೇ.

ಅಗತ್ಯ ಬಹುಮತ ಎಂದರೆ ಏನು ಎಂಬುದು ಸರಳ ಲೆಕ್ಕ. ಸಾಮಾನ್ಯ ನಿರ್ಣಯಕ್ಕೆ ವಿರುದ್ಧಕ್ಕಿಂತ ಪರವಾದ ಮತ ಹೆಚ್ಚಿರಬೇಕು. ವಿಶೇಷ ನಿರ್ಣಯಕ್ಕೆ ಪರವಾದ ಮತ ವಿರುದ್ಧದ ಮೂರು ಪಟ್ಟಾದರೂ ಇರಬೇಕು, ಅಂದರೆ ನೂರಕ್ಕೆ 75. ಈ ಲೆಕ್ಕ ಚಲಾಯಿಸಿದ ಮತಗಳದ್ದು. ಮಲಗಿದವರ ಮತ ಯಾವ ಕಡೆಗೂ ಇಲ್ಲ.

ಈಗ ಒಂದು ಕಾಲ್ಪನಿಕ ಕಂಪನಿ ಕಟ್ಟೋಣ. ಒಟ್ಟು 100 ಷೇರು. ಪ್ರವರ್ತಕರ ಕುಟುಂಬದ ಹತ್ತಿರ 60, ಮ್ಯೂಚುವಲ್ ಫಂಡ್, ವಿಮಾ ಕಂಪನಿ, ವಿದೇಶಿ ಫಂಡುಗಳಂಥ ಸಂಸ್ಥೆಗಳ ಹತ್ತಿರ 25, ನಮ್ಮಂಥ ಚಿಲ್ಲರೆ ಜನರ ಹತ್ತಿರ 15. ಪ್ರವರ್ತಕರು ತಮ್ಮ ಮಗನ ಸಂಬಳ ಏರಿಸುವ ವಿಶೇಷ ನಿರ್ಣಯ ತರುತ್ತಾರೆ. ಅವರ ಅರುವತ್ತೂ ಮತ ಪರವಾಗಿ ಬೀಳುತ್ತವೆ. ಸಂಸ್ಥೆಗಳಲ್ಲಿ 20 ಷೇರಿನ ಮತ ಬಂದು, 12 ವಿರುದ್ಧ, 8 ಪರ. ನಮ್ಮ 15ರಲ್ಲಿ ಎಚ್ಚರವಿದ್ದದ್ದು ಒಂದು, ಅದೂ ಅಧ್ಯಕ್ಷರ ದೂರದೃಷ್ಟಿಗೆ ಮಾರುಹೋಗಿ ಪರ. ಒಟ್ಟು 81 ಮತದಲ್ಲಿ 69 ಪರ, 12 ವಿರುದ್ಧ. ಶೇಕಡಾ 85 ಬಹುಮತ! ‘ನಮ್ಮ ನಾಯಕತ್ವದ ಮೇಲೆ ಷೇರುದಾರರು ಅಚಲ ವಿಶ್ವಾಸ ಇಟ್ಟಿದ್ದಾರೆ’ ಎಂದು ಪ್ರಕಟಣೆ ಹೊರಡುತ್ತದೆ. ಆದರೆ ಅಪ್ಪ ಮಗನಿಗೆ ಹಾಕಿದ 60 ಮತ ಪಕ್ಕಕ್ಕಿಡಿ. ಹೊರಗಿನವರ 21 ಮತದಲ್ಲಿ 12 ವಿರುದ್ಧ, ಅಂದರೆ ನೂರಕ್ಕೆ 57 ಮಂದಿ ‘ಬೇಡ’ ಎಂದಿದ್ದಾರೆ. ಅಚಲ ವಿಶ್ವಾಸ ಇಟ್ಟವರು ಊಟದ ಮೇಜಿನ ಸುತ್ತ ಕೂರುವವರು ಮಾತ್ರ.

ಇದೇ ಲೆಕ್ಕವನ್ನು ಇನ್ನೊಂದು ಹೆಜ್ಜೆ ಎಳೆದರೆ ನಮ್ಮ ಕಾನೂನಿನ ಸೊಗಸು ಕಾಣುತ್ತದೆ. ಅರ್ಧಕ್ಕಿಂತ ಹೆಚ್ಚು ಷೇರು ಇಟ್ಟುಕೊಂಡ ಪ್ರವರ್ತಕರು ಮತ ಹಾಕಬಹುದಾದ ಸಾಮಾನ್ಯ ನಿರ್ಣಯ ಸೋಲುವುದು ಗಣಿತದಲ್ಲೇ ಸಾಧ್ಯವಿಲ್ಲ. ಹಾಗಾದರೆ ವಿಶೇಷ ನಿರ್ಣಯವಾದರೂ ಅವರನ್ನು ತಡೆಯಬೇಕಲ್ಲ? ಷೇರುಪೇಟೆಯಲ್ಲಿರುವ ಕಂಪನಿಯಲ್ಲಿ ಸಾರ್ವಜನಿಕರ ಪಾಲು ಕನಿಷ್ಠ ಶೇಕಡಾ 25 ಇರಬೇಕೆಂಬುದು ಸಾಮಾನ್ಯ ನಿಯಮ, ಅಂದರೆ ಪ್ರವರ್ತಕರು 75ರವರೆಗೆ ಇಟ್ಟುಕೊಳ್ಳಬಹುದು. ವಿಶೇಷ ನಿರ್ಣಯಕ್ಕೆ ಬೇಕಾದದ್ದೂ ಅದೇ 75! ಅಂಥ ಕಂಪನಿಯಲ್ಲಿ ಹೊರಗಿನ ಕೊನೆಯ ಷೇರುದಾರನೂ ಹಾಸಿಗೆಯಿಂದೆದ್ದು ಬಂದು ‘ಬೇಡ’ ಒತ್ತಿದರೂ 75 ಎಂಬುದು 25ರ ಸರಿಯಾಗಿ ಮೂರು ಪಟ್ಟು. ನಿರ್ಣಯ ಪಾಸ್. ಬೀಗವನ್ನೂ ಕೀಲಿಯನ್ನೂ ಒಂದೇ ಅಂಗಡಿಯಲ್ಲಿ ಮಾಡಿಸಿದ ಹಾಗಿದೆ.

ಹಾಗಾದ್ದರಿಂದ ಫಲಿತಾಂಶವನ್ನು ಓದುವವರು ಒಟ್ಟು ಶೇಕಡಾವಾರನ್ನು ನಂಬಬಾರದು. ಸೆಬಿ ಗೊತ್ತುಮಾಡಿದ ನಮೂನೆಯಲ್ಲಿ ಪ್ರತಿ ನಿರ್ಣಯಕ್ಕೂ ಒಂದು ಕೋಷ್ಟಕವಿರುತ್ತದೆ, ಅದರಲ್ಲಿ ಮೂರು ಪಂಗಡ: ಪ್ರವರ್ತಕರು, ಸಾರ್ವಜನಿಕ ಸಂಸ್ಥೆಗಳು, ಇತರ ಸಾರ್ವಜನಿಕರು. ಪ್ರತಿ ಪಂಗಡದ ಮುಂದೆ ಎಷ್ಟು ಷೇರು, ಅದರಲ್ಲಿ ಎಷ್ಟು ಮತ, ಪರ ಎಷ್ಟು, ವಿರುದ್ಧ ಎಷ್ಟು ಎಂದು ಅಚ್ಚಾಗಿರುತ್ತದೆ. ಮೊದಲ ಸಾಲಿನಲ್ಲಿ ಪರ ಶೇ 100 ಎಂದಿದ್ದರೆ ಆಶ್ಚರ್ಯಪಡದೆ ಮುಂದೆ ಹೋಗಿ. ಎರಡನೆಯ ಸಾಲಿನಲ್ಲಿ ನಿಲ್ಲಿ. ಸಂಸ್ಥೆಗಳ ವಿರುದ್ಧ ಮತ ನೂರಕ್ಕೆ 20, 30 ದಾಟಿದ್ದರೆ, ವಿವರಣಾ ಟಿಪ್ಪಣಿಯನ್ನು ಸಂಬಳಕ್ಕೆ ಓದುವ ಜನ ಅದರಲ್ಲಿ ಏನೋ ಕಂಡಿದ್ದಾರೆ ಎಂದರ್ಥ. ಮೂರನೆಯ ಸಾಲಿನಲ್ಲಿ ನಮ್ಮ ಹಾಜರಾತಿ ಇರುತ್ತದೆ. ಅದನ್ನು ಮಕ್ಕಳಿಗೆ ತೋರಿಸದಿರುವುದು ಒಳ್ಳೆಯದು.

ಕೋಷ್ಟಕದ ತಲೆಯ ಮೇಲೆ ಇನ್ನೊಂದು ಪುಟ್ಟ ಪ್ರಶ್ನೆ ಇದೆ: ‘ಈ ನಿರ್ಣಯದಲ್ಲಿ ಪ್ರವರ್ತಕರಿಗೆ ಹಿತಾಸಕ್ತಿ ಇದೆಯೇ?’ ಇದೆ ಅಥವಾ ಇಲ್ಲ ಎಂದು ಕಂಪನಿ ಉತ್ತರಿಸಬೇಕು. ಇದರ ಹಿಂದೆ ಒಂದು ತಮಾಷೆಯ ವ್ಯತ್ಯಾಸ ಅಡಗಿದೆ. ಪ್ರವರ್ತಕರ ಇನ್ನೊಂದು ಕಂಪನಿಯ ಜತೆ ದೊಡ್ಡ ವ್ಯವಹಾರ, ಅಂದರೆ ‘ರಿಲೇಟೆಡ್ ಪಾರ್ಟಿ’ ವಹಿವಾಟು, ಮತಕ್ಕೆ ಬಂದರೆ ಸಂಬಂಧಿಸಿದವರು ಅದಕ್ಕೆ ಒಪ್ಪಿಗೆಯ ಮತ ಹಾಕುವಂತಿಲ್ಲ. ಆದರೆ ತನ್ನನ್ನು ನಿರ್ದೇಶಕನನ್ನಾಗಿ ನೇಮಿಸುವ, ತನ್ನ ಸಂಬಳ ಏರಿಸುವ ನಿರ್ಣಯಕ್ಕೆ ಪ್ರವರ್ತಕ ಧಾರಾಳವಾಗಿ ಮತ ಹಾಕಬಹುದು. ಅಣ್ಣನ ಗೋದಾಮನ್ನು ಕಂಪನಿಗೆ ಬಾಡಿಗೆಗೆ ಕೊಡುವುದು ಹಿತಾಸಕ್ತಿ. ಕಂಪನಿಯ ತಿಜೋರಿಯಿಂದ ಸಂಬಳ ಪಡೆಯುವುದು ಸೇವೆ.

ಈ ಒಂದು ಬಾಗಿಲು ಮುಚ್ಚಿದಾಗ ಏನಾಗುತ್ತದೆ ಎಂಬುದಕ್ಕೆ 2024ರ ನೆಸ್ಲೆ ಇಂಡಿಯಾ ಪ್ರಕರಣಕ್ಕಿಂತ ಒಳ್ಳೆಯ ಪಾಠವಿಲ್ಲ. ನಂಜನಗೂಡಿನಲ್ಲಿ ಕಾರ್ಖಾನೆ ಇಟ್ಟುಕೊಂಡು ನಮ್ಮ ಕಾಫಿಯನ್ನೇ ಪುಡಿ ಮಾಡಿ ನಮಗೇ ಮಾರುವ ಈ ಕಂಪನಿ, ಸ್ವಿಟ್ಜರ್ಲೆಂಡಿನ ತಾಯಿಗೆ ನಿವ್ವಳ ಮಾರಾಟದ ಶೇ 4.5ರಷ್ಟನ್ನು ಪರವಾನಗಿ ಶುಲ್ಕವಾಗಿ ಕಟ್ಟುತ್ತಿತ್ತು. ಇದನ್ನು ವರ್ಷಕ್ಕೆ 0.15ರಂತೆ ಐದು ವರ್ಷದಲ್ಲಿ 5.25ಕ್ಕೆ ಏರಿಸೋಣ ಎಂದು ಮಂಡಳಿ ಪ್ರಸ್ತಾಪಿಸಿತು. 0.15 ಎಂದರೆ ಉಪ್ಪಿನಕಾಯಿಗೆ ಬಿದ್ದ ಇಂಗಿನಷ್ಟು ಎನಿಸುತ್ತದೆ. ಆದರೆ ಐದು ವರ್ಷಕ್ಕೆ ಅದು 0.75 ಆಗುತ್ತದೆ, ಮತ್ತು ಪ್ರತಿ 10,000 ಕೋಟಿ ಮಾರಾಟದ ಮೇಲೆ 0.75 ಎಂದರೆ ವರ್ಷಕ್ಕೆ 75 ಕೋಟಿ. ಅದೂ ಲಾಭದ ಮೇಲಲ್ಲ, ಮಾರಾಟದ ಮೇಲೆ. ಡಿವಿಡೆಂಡ್ ಆದರೆ ತಾಯಿಗೂ ಚಿಲ್ಲರೆ ಷೇರುದಾರನಿಗೂ ಒಂದೇ ದರ. ರಾಯಲ್ಟಿ ತಾಯಿಯೊಬ್ಬಳಿಗೇ ಹೋಗುತ್ತದೆ, ಉಳಿದದ್ದರಲ್ಲಿ ಮತ್ತೆ ಎಲ್ಲರ ಜತೆ ಅವಳಿಗೂ ಪಾಲು.

ಮಾತೃಸಂಸ್ಥೆಯ ಬಳಗದ ಪಾಲು ಶೇ 62.76. ಅದು ಮತ ಹಾಕುವಂತಿದ್ದರೆ ಇದು ಸುದ್ದಿಯೇ ಆಗುತ್ತಿರಲಿಲ್ಲ. ಆದರೆ ಇದು ರಿಲೇಟೆಡ್ ಪಾರ್ಟಿ ವಹಿವಾಟು, ತಾಯಿ ಕೈಕಟ್ಟಿ ಕೂರಬೇಕಾಯಿತು. ಮೇ ತಿಂಗಳಲ್ಲಿ ಅಂಚೆ ಮತದಾನದ ಫಲಿತಾಂಶ ಬಂದಾಗ ವಿರುದ್ಧ ಬಿದ್ದದ್ದು ಶೇ 57.18. ಬರಿ ಸಾಮಾನ್ಯ ನಿರ್ಣಯ ಅದು, ಅರ್ಧ ದಾಟಿದ್ದರೆ ಸಾಕಿತ್ತು. ಜುಲೈನ ಎಜಿಎಂಗೆ ಕಂಪನಿ ಮತ್ತೆ ನೋಟಿಸ್ ಕಳುಹಿಸಿತು. ಈ ಸಲ ಕೇಳಿದ್ದು ಹಳೆಯ 4.5ನ್ನೇ ಮುಂದುವರಿಸಲು ಮಾತ್ರ. ಷೇರುದಾರರು ಒಪ್ಪಿದರು. ಏರಿಕೆ ಇಲ್ಲದಿದ್ದರೆ ಕಂಪನಿ ಹೇಗೆ ಬದುಕೀತು ಎಂಬ ಆತಂಕ ಏಪ್ರಿಲ್‌ನಿಂದ ಜುಲೈಯೊಳಗೆ ಎಲ್ಲಿಗೆ ಹೋಯಿತೋ ಗೊತ್ತಿಲ್ಲ.

ಇದಕ್ಕಿಂತ ಕಟುವಾದ ಏಟು 2017ರ ಜೂನ್‌ನಲ್ಲಿ ರೇಮಂಡ್ ಎಜಿಎಂನಲ್ಲಿ ಬಿತ್ತು. ದಕ್ಷಿಣ ಮುಂಬೈಯ ಜೆ.ಕೆ. ಹೌಸ್ ಎಂಬ ಗಗನಚುಂಬಿಯ ಮನೆಗಳನ್ನು ಪ್ರವರ್ತಕ ಕುಟುಂಬದವರಿಗೆ ಮಾರುಕಟ್ಟೆ ದರಕ್ಕಿಂತ ಬಹಳ ಕಡಿಮೆ ಬೆಲೆಗೆ ಮಾರುವ ನಿರ್ಣಯ ಅದು. ಹಳೆಯ ಒಪ್ಪಂದವೊಂದು ಅದಕ್ಕೆ ಆಧಾರವಾಗಿತ್ತು. ಕುಟುಂಬ ಮತದಿಂದ ದೂರ ಉಳಿಯಿತು, ಉಳಿದವರು ಶೇ 97.67ರಷ್ಟು ವಿರುದ್ಧ ಒತ್ತಿದರು. ಪ್ರವರ್ತಕರ ಸಾಲನ್ನು ತೆಗೆದುಹಾಕಿದರೆ ‘ಅಚಲ ವಿಶ್ವಾಸ’ದ ಮುಖ ಹೇಗಿರಬಹುದು ಎಂಬುದಕ್ಕೆ ಇದು ಸ್ಪಷ್ಟ ಛಾಯಾಚಿತ್ರ.

ಹಾಗೆಂದು ಸೋತ ನಿರ್ಣಯ ಸತ್ತಿತು ಎಂದುಕೊಳ್ಳುವವರು ಕಾರ್ಪೊರೇಟ್ ಪುನರ್ಜನ್ಮವನ್ನು ಅರಿಯದವರು. 2014ರ ಜುಲೈನಲ್ಲಿ ಟಾಟಾ ಮೋಟಾರ್ಸ್ ತನ್ನ ಮೂವರು ಕಾರ್ಯನಿರ್ವಾಹಕ ನಿರ್ದೇಶಕರಿಗೆ ಲಾಭ ಸಾಲದ ವರ್ಷದಲ್ಲಿ ಕೊಟ್ಟ ಸಂಬಳಕ್ಕೆ ಒಪ್ಪಿಗೆ ಕೇಳಿ ಸೋತಿತು. ಪರವಾದ ಮತಗಳೇ ಹೆಚ್ಚಿದ್ದವು, ಆದರೆ ವಿಶೇಷ ನಿರ್ಣಯಕ್ಕೆ ಬೇಕಾದ 75 ಮುಟ್ಟಲಿಲ್ಲ. ಕಂಪನಿ ಹೆಚ್ಚು ವಿವರಣೆಯೊಂದಿಗೆ ಮತ್ತೆ ಬಂತು, 2015ರ ಜನವರಿಗೆ ಒಪ್ಪಿಗೆ ಸಿಕ್ಕಿತು. 2024ರ ನವೆಂಬರ್ 28ರಂದು ಜೀ ಎಂಟರ್‌ಟೇನ್‌ಮೆಂಟ್ ಎಜಿಎಂನಲ್ಲಿ ಪುನೀತ್ ಗೋಯೆಂಕಾ ಅವರನ್ನು ನಿರ್ದೇಶಕರಾಗಿ ಮರುನೇಮಿಸುವ ನಿರ್ಣಯಕ್ಕೆ ಬಂದದ್ದು ಶೇ 49.54, ಅರ್ಧಕ್ಕೆ ಕೂದಲೆಳೆಯಷ್ಟು ಕಡಿಮೆ. ನಿವೃತ್ತಿಯ ಆ ಅಲ್ಪವಿರಾಮ ಅಪರೂಪಕ್ಕೊಮ್ಮೆ ಪೂರ್ಣವಿರಾಮವಾಯಿತು. ಅಲ್ಲಿ ಪ್ರವರ್ತಕರ ಪಾಲು ಸುಮಾರು ಶೇ 4 ಮಾತ್ರ, ಊಟದ ಮೇಜಿನ ಮತ ಸಾಲಲಿಲ್ಲ. ಆದರೆ ಅವರು ಸಭೆಗೆ ಹತ್ತು ದಿನ ಮೊದಲೇ ವ್ಯವಸ್ಥಾಪಕ ನಿರ್ದೇಶಕರ ಹುದ್ದೆ ಬಿಟ್ಟು ಸಿಇಒ ಆಗಿ ಉಳಿದಿದ್ದರು. ಸಿಇಒ ಆಗಿರಲು ಮಂಡಳಿಯಲ್ಲಿ ಕುರ್ಚಿ ಬೇಕಿಲ್ಲ. ಷೇರುದಾರರು ಕಿತ್ತುಕೊಂಡದ್ದು ಸಭಾಕೊಠಡಿಯ ಆಸನವನ್ನು, ಅವರ ಕೋಣೆಯ ಬಾಗಿಲಿಗೆ ಅದು ತಟ್ಟಲಿಲ್ಲ.

‘ನನ್ನ ಹತ್ತಿರ ಷೇರೇ ಇಲ್ಲ, ನನಗೇಕೆ ಈ ಪುರಾಣ’ ಎನ್ನುವವರಿಗೂ ಬಿಡುಗಡೆ ಇಲ್ಲ. ಕೋಷ್ಟಕದ ಎರಡನೆಯ ಸಾಲಿನ ‘ಸಂಸ್ಥೆ’ಗಳಲ್ಲಿ ನಿಮ್ಮ ತಿಂಗಳ ಎಸ್‌ಐಪಿ ಕೂತಿದೆ. 2022ರ ಏಪ್ರಿಲ್‌ನಿಂದ ಮ್ಯೂಚುವಲ್ ಫಂಡುಗಳು ತಮ್ಮ ಷೇರಿನ ಎಲ್ಲ ನಿರ್ಣಯಗಳಿಗೂ ಮತ ಹಾಕಲೇಬೇಕೆಂದು ಸೆಬಿ ವಿಧಿಸಿದೆ. ಯಾವ ಕಂಪನಿಯ ಯಾವ ನಿರ್ಣಯಕ್ಕೆ ಪರವೋ ವಿರುದ್ಧವೋ, ಕಾರಣವೇನು ಎಂಬುದನ್ನು ಮೂರು ತಿಂಗಳಿಗೊಮ್ಮೆ ತಮ್ಮ ಜಾಲತಾಣದಲ್ಲಿ ಪ್ರಕಟಿಸಬೇಕು. ಆ ಕಡತ ತೆರೆದು ‘ಕಾರಣ’ದ ಅಂಕಣ ಓದಿ. ನಿರ್ಣಯದ ಮೇಲೆ ನಿರ್ಣಯಕ್ಕೆ ‘ಕಾನೂನಿಗೆ ಅನುಗುಣವಾಗಿದೆ, ಆಕ್ಷೇಪವಿಲ್ಲ’ ಎಂಬ ಒಂದೇ ಸಾಲನ್ನು ಅಂಟಿಸಿದ್ದರೆ, ನಿಮ್ಮ ಹಣ ನೋಡಿಕೊಳ್ಳಲು ಫೀಸು ತೆಗೆದುಕೊಳ್ಳುವವರು ಟಿಪ್ಪಣಿಯನ್ನು ನಿಮ್ಮಷ್ಟೇ ಶ್ರದ್ಧೆಯಿಂದ ಓದಿದ್ದಾರೆ ಎಂದು ತಿಳಿಯಬಹುದು.

ಆದ್ದರಿಂದ ಈ ಸಲ ನೋಟಿಸ್ ಬಂದಾಗ ಅಳಿಸುವ ಮೊದಲು ಮೂರು ಕೆಲಸ ಮಾಡಿ. ವಿಶೇಷ ವ್ಯವಹಾರದ ಒಂದೇ ಒಂದು ವಿವರಣಾ ಟಿಪ್ಪಣಿಯನ್ನು ಕೊನೆಯ ಪ್ಯಾರಾದಿಂದ ಓದಿ. ಸಭೆಯ ಹಿಂದಿನ ದಿನ ಸಂಜೆ 5ರೊಳಗೆ ಮತ ಒತ್ತಿ. ಎರಡು ದಿನ ಬಿಟ್ಟು ಫಲಿತಾಂಶ ತೆರೆದು, ಪ್ರವರ್ತಕರ ಸಾಲನ್ನು ಬೆರಳಿನಿಂದ ಮುಚ್ಚಿ ಉಳಿದದ್ದನ್ನು ಕೂಡಿಸಿ. ನಿಮ್ಮ ಮತದಿಂದ ನಿರ್ಣಯ ಬೀಳದೆ ಇರಬಹುದು. ಆದರೆ ಹೊರಗಿನವರಲ್ಲಿ ಅರ್ಧಕ್ಕರ್ಧ ಜನ ‘ಬೇಡ’ ಎಂದದ್ದು ಅಳಿಸಲಾಗದ ಸಾರ್ವಜನಿಕ ದಾಖಲೆಯಾಗಿ ಉಳಿಯುತ್ತದೆ, ಮುಂದಿನ ವರ್ಷ ಸಂಬಳದ ಪ್ಯಾರಾ ಬರೆಯುವವರು ಅದನ್ನು ಖಂಡಿತ ಓದುತ್ತಾರೆ. ಕಾಸ್ಟ್ ಆಡಿಟರರ ಮೂರು ಲಕ್ಷಕ್ಕೆ ಮಾತ್ರ ದಯವಿಟ್ಟು ಪರವಾಗಿಯೇ ಒತ್ತಿ. ಇಡೀ ನೋಟಿಸಿನಲ್ಲಿ ನಿಮ್ಮ ಒಪ್ಪಿಗೆಗೆ ನಿಜವಾಗಿ ಕಾದು ಕೂತಿರುವವರು ಅವರೊಬ್ಬರೇ.